ತಿರುಗುವ ಡಿಸ್ಕ್‌ನ ನಟ್ಟನಡುವೆ ಕಾಂತಕ್ಷೇತ್ರ ಎಷ್ಟು? ನಿಮ್ಮ ಉತ್ತರ ಅರ್ಧ ಬಂದಿದ್ದು ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದೀನಿ. R ತ್ರಿಜ್ಯದ ಡಿಸ್ಕ್ ಮೇಲೆ Q ಚಾರ್ಜ್ ಸಮನಾಗಿ ಹರಡಿದೆ, ω ವೇಗದಲ್ಲಿ ತಿರುಗ್ತಿದೆ, ಕೇಂದ್ರದಲ್ಲಿ B ಎಷ್ಟು ಅಂತ ಒಂದು ಲೆಕ್ಕ. ನಾನು I = Qω/2π ಅಂತ ತಗೊಂಡು B = μ₀I/2R ಸೂತ್ರಕ್ಕೆ ಹಾಕಿದೆ. ಪುಸ್ತಕದ ಉತ್ತರ ನನ್ನದಕ್ಕಿಂತ ಸರಿಯಾಗಿ ಎರಡು ಪಟ್ಟು ಇದೆ. ರಿಂಗ್ ರಿಂಗ್ ಮಾಡಿ ಕೂಡಿಸಬೇಕು ಅಂತಾರೆ, ಆದರೆ ಹಾಗೆ ಮಾಡಿದರೆ ಒಳಗಿನ ರಿಂಗ್‌ಗೆ r ಸೊನ್ನೆ, B ಇನ್ಫಿನಿಟಿ ಆಗಬೇಕಲ್ವಾ ಅಂತ ನನ್ನ ಫ್ರೆಂಡ್ ಕೇಳ್ತಾನೆ. ಇನ್ನೊಂದು ವಿಷಯ, ಅಕ್ರಿಲಿಕ್ ಡಿಸ್ಕನ್ನ ಉಜ್ಜಿ ಚಾರ್ಜ್ ಮಾಡಿ ಡ್ರಿಲ್ ಮೆಷಿನ್‌ಗೆ ಹಾಕಿ ತಿರುಗಿಸಿದರೆ ದಿಕ್ಸೂಚಿ ಮುಳ್ಳು ಅಲ್ಲಾಡುತ್ತಾ? ಸೈನ್ಸ್ ಎಕ್ಸಿಬಿಷನ್‌ಗೆ ಇಡೋಣ ಅಂತಿದ್ದೀವಿ.

ಉತ್ತರ: ನಿಮ್ಮ ಕರೆಂಟ್ ತಪ್ಪಿಲ್ಲ, ಮೊದಲು ಅದನ್ನ ಹೇಳಿಬಿಡ್ತೀನಿ. ಡಿಸ್ಕ್‌ನ ಕೇಂದ್ರದಿಂದ ಅಂಚಿನವರೆಗೆ ಒಂದು ಗೆರೆ ಎಳೆದು, ಆ ಗೆರೆಯನ್ನ ಒಂದು ಸೆಕೆಂಡಿಗೆ ಎಷ್ಟು ಚಾರ್ಜ್ ದಾಟಿ ಹೋಗುತ್ತೆ ಅಂತ ನೋಡಿದರೆ Qω/2π ಅಂತಲೇ ಬರುತ್ತೆ. ತಪ್ಪಿರೋದು ಆ ಕರೆಂಟನ್ನ ನೀವು ಎಲ್ಲಿ ಇಟ್ಟಿರಿ ಅನ್ನೋದರಲ್ಲಿ. μ₀I/2R ಅಂತ ಬರೆದ ಕೂಡಲೇ ಅಷ್ಟೂ ಚಾರ್ಜನ್ನ ಗುಡಿಸಿ ಅಂಚಿಗೆ ತಳ್ಳಿದ ಹಾಗಾಯ್ತು. ನಿಜವಾಗಿ ಚಾರ್ಜ್ ಒಳಗೆಲ್ಲಾ ಹರಡಿದೆ. ಒಳಗಿರೋದು ಕೇಂದ್ರಕ್ಕೆ ಹತ್ತಿರ, ಹತ್ತಿರ ಇರೋದಕ್ಕೆ ಪ್ರಭಾವ ಜಾಸ್ತಿ. ಅದಕ್ಕೇ ನಿಮ್ಮ ಉತ್ತರ ಕಮ್ಮಿ ಬಂತು.

ಕ್ಲಾಸಲ್ಲಿ ಇದನ್ನ ಸರಿಮಾಡೋಕೆ ಹೋಗಿ ಹುಡುಗರು ಇನ್ನೊಂದು ಹಳ್ಳಕ್ಕೆ ಬೀಳೋದನ್ನ ನೋಡ್ತಿರ್ತೀನಿ. "ಅಂಚು ಬೇಡ, ಸರಾಸರಿ ತ್ರಿಜ್ಯ ಹಾಕೋಣ" ಅಂತಾರೆ. ಸಮನಾಗಿ ಹರಡಿದ ಚಾರ್ಜ್‌ನ ಸರಾಸರಿ ದೂರ 2R/3. ಅದನ್ನ ಹಾಕಿದರೆ 3μ₀Qω/8πR ಬರುತ್ತೆ. ಇದೂ ತಪ್ಪೇ, ಸರಿಯಾದ ಉತ್ತರದ ಮುಕ್ಕಾಲು ಭಾಗ ಅಷ್ಟೇ. ಕ್ಷೇತ್ರ ನಿಂತಿರೋದು r ಮೇಲಲ್ಲ, 1/r ಮೇಲೆ. ಹಾಗಾಗಿ ಸರಾಸರಿ ತೆಗೆಯೋದಾದರೆ 1/r ನದ್ದು ತೆಗೆಯಬೇಕು, ಅದು ಈ ಡಿಸ್ಕ್‌ಗೆ 2/R. ಅಂದರೆ ಎಲ್ಲಾ ಚಾರ್ಜನ್ನ R/2 ದೂರದ ಒಂದೇ ರಿಂಗ್‌ನಲ್ಲಿ ಇಟ್ಟರೆ ಸರಿಯಾದ ಉತ್ತರ ಬರುತ್ತೆ. ನೀವು R ಹಾಕಿದ್ದಿರಿ, ಆ ಎರಡು ಪಟ್ಟು ಬಂದಿದ್ದು ಇಲ್ಲಿಂದ. ಆದರೆ R/2 ಅನ್ನೋದನ್ನ ಬಾಯಿಪಾಠ ಮಾಡ್ಕೋಬೇಡಿ, ಚಾರ್ಜ್ ಬೇರೆ ಥರ ಹರಡಿದ್ದರೆ ಅದು ಬದಲಾಗುತ್ತೆ.

ಈಗ ರಿಂಗ್ ಲೆಕ್ಕಕ್ಕೆ ಬರೋಣ. ಚಿತ್ರದುರ್ಗದ ಕಡೆ ಈರುಳ್ಳಿಯನ್ನ ಅಡ್ಡ ಹೆಚ್ಚಿದಾಗ ಬಳೆ ಬಳೆಯಾಗಿ ಬಿಡಿಸಿಕೊಳ್ಳುತ್ತಲ್ಲ, ಡಿಸ್ಕನ್ನ ಹಾಗೆ ಬಿಡಿಸಿ. r ತ್ರಿಜ್ಯದ, dr ಅಗಲದ ಒಂದು ಬಳೆ ತಗೊಳ್ಳಿ. ಅದನ್ನ ಕತ್ತರಿಸಿ ಉದ್ದಕ್ಕೆ ಹಾಸಿದರೆ 2πr ಉದ್ದ, dr ಅಗಲದ ಪಟ್ಟಿ. ಹಾಗಾಗಿ ಅದರ ಚಾರ್ಜ್ σ·2πr·dr, ಇಲ್ಲಿ σ ಅಂದರೆ Q/πR². ಇಲ್ಲಿ πr² ಬರೆಯೋರು ಬಹಳ ಜನ. ಅದು ಬಳೆಯ ವಿಸ್ತೀರ್ಣ ಅಲ್ಲ, ಬಳೆಯ ಒಳಗಿರೋ ಇಡೀ ತಟ್ಟೆಯ ವಿಸ್ತೀರ್ಣ. ಈ ಬಳೆ ಸೆಕೆಂಡಿಗೆ ω/2π ಸುತ್ತು ತಿರುಗೋದರಿಂದ,

dI = σ·2πr·dr × ω/2π = σωr dr

dB = μ₀ dI / 2r = μ₀σω dr / 2

ಎರಡನೇ ಸಾಲನ್ನ ಇನ್ನೊಮ್ಮೆ ನೋಡಿ. ಮೇಲಿನ r, ಕೆಳಗಿನ r ಎರಡೂ ಹೊಡೆದುಹೋದವು. ಬಳೆ ಒಳಗಿರಲಿ, ಹೊರಗಿರಲಿ, ಅಗಲ ಒಂದೇ ಇದ್ದರೆ ಕೇಂದ್ರದಲ್ಲಿ ಅದು ಕೊಡೋ ಕ್ಷೇತ್ರ ಒಂದೇ. ಇಂಟಿಗ್ರೇಷನ್ ಮಾಡೋಕೆ ಉಳಿದಿರೋದು ಬರೀ dr. 0 ಯಿಂದ R ವರೆಗೆ ಕೂಡಿಸಿದರೆ,

B = μ₀σωR/2 = μ₀ωQ/2πR

ನಿಮ್ಮ ಫ್ರೆಂಡ್‌ನ ಇನ್ಫಿನಿಟಿ ಪ್ರಶ್ನೆಗೂ ಉತ್ತರ ಇದೇ. ಪ್ರಶ್ನೆ ಒಳ್ಳೆಯದು, ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ಅವರು 1/r ಮಾತ್ರ ನೋಡಿದರು, ಕರೆಂಟ್ ಕಡೆ ನೋಡಲಿಲ್ಲ. ಕೇಂದ್ರದ ಹತ್ತಿರ ಹೋದ ಹಾಗೆ ಬಳೆ ಚಿಕ್ಕದಾಗುತ್ತೆ, ಅದರ ಮೇಲಿನ ಚಾರ್ಜೂ ಅದೇ ಲೆಕ್ಕದಲ್ಲಿ ಇಳಿಯುತ್ತೆ. ದೂರ ಹತ್ತನೇ ಒಂದಾದರೆ ಕರೆಂಟೂ ಹತ್ತನೇ ಒಂದು. ಹತ್ತಿರ ಇರೋದರಿಂದ ಸಿಗೋ ಲಾಭ, ಕರೆಂಟ್ ಕಮ್ಮಿ ಇರೋದರಿಂದ ಆಗೋ ನಷ್ಟ, ಎರಡೂ ಸರಿಸಮ. ಇನ್ಫಿನಿಟಿ ಬರೋಕೆ ಜಾಗವೇ ಇಲ್ಲ.

ಅಂಕಿಗಳಲ್ಲಿ ನೋಡಿದರೆ ಇದು ಇನ್ನೂ ಗಟ್ಟಿಯಾಗಿ ಕೂರುತ್ತೆ. 10 ಸೆಂ.ಮೀ. ತ್ರಿಜ್ಯದ ಡಿಸ್ಕ್, ಪ್ರತಿ ಚದರ ಮೀಟರ್‌ಗೆ 10 ಮೈಕ್ರೊಕೂಲಂಬ್ ಚಾರ್ಜ್, ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50. ಅದನ್ನ ಒಂದೊಂದು ಸೆಂ.ಮೀ. ಅಗಲದ ಹತ್ತು ಬಳೆ ಮಾಡಿ. ಒಳಗಿನಿಂದ ಎರಡನೇ ಬಳೆಯ ನಡು ತ್ರಿಜ್ಯ 1.5 ಸೆಂ.ಮೀ., ಅದರ ಚಾರ್ಜ್ ಸುಮಾರು 9.4 ನ್ಯಾನೊಕೂಲಂಬ್, 50 ರಿಂದ ಗುಣಿಸಿದರೆ ಕರೆಂಟ್ 0.47 ಮೈಕ್ರೊಆಂಪ್. ಕಟ್ಟಕಡೆಯ ಬಳೆಯ ನಡು ತ್ರಿಜ್ಯ 9.5 ಸೆಂ.ಮೀ., ಚಾರ್ಜ್ ಸುಮಾರು 60 ನ್ಯಾನೊಕೂಲಂಬ್, ಕರೆಂಟ್ ಸುಮಾರು 3 ಮೈಕ್ರೊಆಂಪ್. ಕರೆಂಟ್ ಆರು ಪಟ್ಟಿಗೂ ಜಾಸ್ತಿ. ಆದರೆ μ₀I/2r ಹಾಕಿ ನೋಡಿ, ಎರಡಕ್ಕೂ ಸುಮಾರು 2×10⁻¹¹ ಟೆಸ್ಲಾ. ಹತ್ತೂ ಬಳೆ ಸೇರಿ 2×10⁻¹⁰ ಟೆಸ್ಲಾ. ಸೂತ್ರಕ್ಕೆ ನೇರವಾಗಿ ಹಾಕಿದರೂ ಅದೇ ಬರುತ್ತೆ.

"ಅಂಚು ಜೋರಾಗಿ ಓಡುತ್ತೆ, ಅದಕ್ಕೆ ಅಂಚೇ ಜಾಸ್ತಿ ಕ್ಷೇತ್ರ ಕೊಡಬೇಕು" ಅಂತ ವಾದ ಮಾಡೋರೂ ಇದ್ದಾರೆ. ಅಂಚು ಜೋರಾಗಿ ಓಡೋದು ನಿಜ. ಬಳೆಯನ್ನ ಬಿಟ್ಟು ಬಿಡಿ ಚಾರ್ಜ್ ಲೆಕ್ಕದಲ್ಲೇ ಹೋಗಿ: ಬಳೆಯ ಚಾರ್ಜ್ r ಜೊತೆ ಏರುತ್ತೆ, ವೇಗ ωr ಕೂಡ r ಜೊತೆ ಏರುತ್ತೆ, ಆದರೆ ಬಯೋ-ಸವಾರ್ ನಿಯಮದಲ್ಲಿ ಕೆಳಗೆ ಇರೋದು r². ಮತ್ತೆ ಎಲ್ಲಾ ಹೊಡೆದುಹೋಗುತ್ತೆ. ಪರೀಕ್ಷೆಯಲ್ಲಿ ಸಮಯ ಇದ್ದರೆ ಈ ದಾರಿಯಲ್ಲಿ ಒಮ್ಮೆ ತಾಳೆ ನೋಡಿ, ಎರಡು ಸಾಲಿನ ಕೆಲಸ. ಮ್ಯಾಗ್ನೆಟಿಕ್ ಮೊಮೆಂಟ್ QωR²/4 ಅಂತ ಗೊತ್ತಿರೋರು ಅದರಿಂದ ಕೇಂದ್ರದ B ತೆಗೆಯೋಕೆ ಹೋಗಬಾರದು. ಆ ದಾರಿ ಡಿಸ್ಕ್‌ನಿಂದ ಬಹಳ ದೂರದಲ್ಲಿ ಮಾತ್ರ ನಡೆಯುತ್ತೆ.

ಎಲ್ಲಾ ಬಳೆಗೂ ಸಮಪಾಲು ಅನ್ನೋದನ್ನ ಹಿಡ್ಕೊಂಡರೆ ಅರ್ಧ ಪ್ರಶ್ನೆಗಳಿಗೆ ಪೆನ್ನೇ ಬೇಡ. ಒಳಗಿನ R/2 ವರೆಗಿನ ಭಾಗದಲ್ಲಿ ಇರೋದು ಕಾಲು ಭಾಗ ಚಾರ್ಜ್, ಆದರೆ ಕ್ಷೇತ್ರದಲ್ಲಿ ಅದರ ಪಾಲು ಅರ್ಧ. ನಡುವೆ a ತ್ರಿಜ್ಯದ ತೂತು ಕೊರೆದರೆ B = μ₀σω(R − a)/2, ಬೇರೆ ಇಂಟಿಗ್ರೇಷನ್ ಯಾಕೆ ಬೇಕು?

ಹಾಗಾದರೆ ಇನ್ಫಿನಿಟಿ ಅನ್ನೋದು ಪೂರಾ ಸುಳ್ಳಾ? ಇಲ್ಲ. ಅದು ಬರೋದು ಬೇರೆ ಲೆಕ್ಕದಲ್ಲಿ, ಇವೆರಡನ್ನೂ ಕಲಸೋದರಿಂದಲೇ ಗೊಂದಲ. ಚಪ್ಪಟೆಯಾಗಿ, ಸಮ ಅಂತರದಲ್ಲಿ ಸುತ್ತಿದ ಸುರುಳಿ ತಂತಿಯ ಲೆಕ್ಕ ನೀವು ನೋಡಿರ್ತೀರಿ, ಅದರ ಉತ್ತರದಲ್ಲಿ ln(b/a) ಬರುತ್ತೆ. ಅಲ್ಲಿ ಒಳಗಿನ ಸುತ್ತಿನಲ್ಲೂ ಹೊರಗಿನ ಸುತ್ತಿನಲ್ಲೂ ಕರೆಂಟ್ ಒಂದೇ, ಒಳಗೆ ಹೋದರೆ ಕಮ್ಮಿ ಆಗಲ್ಲ. ಹಾಗಾಗಿ 1/r ಹೊಡೆದುಹೋಗಲ್ಲ, a ಸೊನ್ನೆ ಕಡೆ ಹೋದರೆ ಉತ್ತರ ನಿಜವಾಗಲೂ ಮಿತಿ ಮೀರಿ ಏರುತ್ತೆ. ಅಲ್ಲಿ a ಯಾವತ್ತೂ ಸೊನ್ನೆ ಆಗದಿರೋದು ತಂತಿಗೆ ದಪ್ಪ ಇರೋದರಿಂದ. ನಿಮ್ಮ ಉತ್ತರದಲ್ಲಿ ln ಕಂಡರೆ, ಡಿಸ್ಕ್ ಲೆಕ್ಕವನ್ನ ಸುರುಳಿ ಲೆಕ್ಕ ಮಾಡಿಬಿಟ್ಟಿದ್ದೀರಿ ಅಂತಲೇ ಅರ್ಥ.

ಪ್ರಶ್ನೆಯಲ್ಲಿ "ಸಮನಾಗಿ ಹರಡಿದೆ" ಅನ್ನೋ ಮಾತು ಸುಮ್ನೆ ಬಂದಿಲ್ಲ. ಅದು ಅಕ್ರಿಲಿಕ್, ಎಬೊನೈಟ್ ಥರದ ಅವಾಹಕಕ್ಕೆ ಹೊಂದುತ್ತೆ. ಅದೇ ಲೋಹದ ತಟ್ಟೆ ಆದರೆ ಚಾರ್ಜ್ ತಾನೇ ಅಂಚಿನ ಕಡೆ ಸರಿದು ಅಲ್ಲಿ ದಟ್ಟವಾಗುತ್ತೆ. ಆಗ σ ಒಂದು ಸಂಖ್ಯೆ ಅಲ್ಲ, r ಜೊತೆ ಬದಲಾಗುತ್ತೆ, (μ₀ω/2)∫σ dr ಅಂತ ಮಾಡಬೇಕು. ತೆಳು ಲೋಹದ ತಟ್ಟೆಗೆ ಆ ಲೆಕ್ಕ μ₀ωQ/8R ಕೊಡುತ್ತೆ. ಸಮ ಹರಡಿದ್ದಕ್ಕಿಂತ ಕಮ್ಮಿ, ನೀವು ಮಾಡಿದ ಅಂಚಿನ ಲೆಕ್ಕಕ್ಕಿಂತ ಜಾಸ್ತಿ, ಎರಡರ ಮಧ್ಯೆ. ಹಾಗೇ ಆಗಬೇಕು ತಾನೇ?

ಇನ್ನು ದಿಕ್ಸೂಚಿ ವಿಷಯ. ನೇರವಾಗಿ ಹೇಳಿಬಿಡ್ತೀನಿ, ಅಲ್ಲಾಡಲ್ಲ. ಮೇಲಿನ ಲೆಕ್ಕದಲ್ಲಿ ಬಂದಿದ್ದು 2×10⁻¹⁰ ಟೆಸ್ಲಾ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಅಂದರೆ ಡಿಸ್ಕ್‌ನದ್ದಕ್ಕಿಂತ ಎರಡು ಲಕ್ಷ ಪಟ್ಟು. ಮುಳ್ಳು ಕೇಳೋದು ಭೂಮಿಯ ಮಾತನ್ನೇ. ನಾನು ಹಾಕಿದ ಚಾರ್ಜ್ ಕೂಡ ಧಾರಾಳದ್ದು, ಬಟ್ಟೆಯಲ್ಲಿ ಉಜ್ಜಿ ಅಷ್ಟು ತರೋದೇ ಕಷ್ಟ, ಮಳೆಗಾಲದಲ್ಲಂತೂ ಉಜ್ಜಿದ್ದು ಕೈ ತೆಗೆಯೋಷ್ಟರಲ್ಲಿ ಸೋರಿಹೋಗಿರುತ್ತೆ. ಜಾಸ್ತಿ ಹಾಕೋಣ ಅಂದರೂ ಮಿತಿ ಇದೆ. ಗಾಳಿ ಮೀಟರ್‌ಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ತಡೆಯಲ್ಲ, ಕಿಡಿ ಹಾರಿ ಚಾರ್ಜ್ ಖಾಲಿ. ಆ ಮಿತಿಯವರೆಗೆ ತುಂಬಿದರೂ ನಾನು ಹೇಳಿದ್ದರ ಐದು ಪಟ್ಟು ಅಷ್ಟೇ. ಫೋನ್‌ನ ಮ್ಯಾಗ್ನೆಟೋಮೀಟರ್ ಆ್ಯಪ್‌ಗಳು ಸಾಮಾನ್ಯವಾಗಿ 0.1 ಮೈಕ್ರೊಟೆಸ್ಲಾ ಮಟ್ಟದಲ್ಲಿ ತೋರಿಸ್ತವೆ, ನಿಮಗೆ ಬೇಕಿರೋದು ಅದಕ್ಕಿಂತ 500 ಪಟ್ಟು ಸಣ್ಣದು.

ನನಗಿರೋ ಭಯ ಮುಳ್ಳು ಅಲ್ಲಾಡಲ್ಲ ಅನ್ನೋದಲ್ಲ, ಅಲ್ಲಾಡಿಬಿಡುತ್ತೆ ಅನ್ನೋದು! ಡ್ರಿಲ್ ಮೆಷಿನ್ ಒಳಗೆ ಇರೋದು ಕಬ್ಬಿಣ, ತಾಮ್ರದ ಸುತ್ತು, ಕೆಲವದರಲ್ಲಿ ಆಯಸ್ಕಾಂತ. ಅದರಿಂದ ಹೊರಗೆ ಸೋರೋ ಕ್ಷೇತ್ರ ನಿಮ್ಮ ಡಿಸ್ಕ್‌ನದ್ದಕ್ಕಿಂತ ಎಷ್ಟೋ ಸಾವಿರ ಪಟ್ಟು. ಮುಳ್ಳು ನಡುಗುತ್ತೆ, ನೀವು ಡಿಸ್ಕ್ ಕೆಲಸ ಮಾಡ್ತು ಅಂತ ಖುಷಿಪಡ್ತೀರಿ, ಜಡ್ಜ್ ಆಗಿ ಬಂದೋರು ಒಂದೇ ಪ್ರಶ್ನೆಯಲ್ಲಿ ಬೀಳಿಸ್ತಾರೆ. ಯಾವುದು ಮೋಟರ್‌ದು, ಯಾವುದು ಚಾರ್ಜ್‌ದು ಅಂತ ಗೊತ್ತಾಗಬೇಕಾದರೆ ಚಾರ್ಜ್ ಇಲ್ಲದೆ ಒಮ್ಮೆ ತಿರುಗಿಸಬೇಕು, ಆಮೇಲೆ ಪಾಸಿಟಿವ್ ಬದಲು ನೆಗೆಟಿವ್ ಚಾರ್ಜ್ ಹಾಕಿ ಮುಳ್ಳು ಉಲ್ಟಾ ಸರಿಯುತ್ತಾ ನೋಡಬೇಕು. ಮೋಟರ್‌ದು ಉಲ್ಟಾ ಆಗಲ್ಲ. ಜೊತೆಗೆ 3000 ಸುತ್ತಿನಲ್ಲಿ 10 ಸೆಂ.ಮೀ. ಡಿಸ್ಕ್‌ನ ಅಂಚು ಗಂಟೆಗೆ ಸುಮಾರು 113 ಕಿ.ಮೀ. ವೇಗದಲ್ಲಿ ಓಡ್ತಿರುತ್ತೆ. ತೂತು ಒಂದು ಕೂದಲಷ್ಟು ಪಕ್ಕಕ್ಕಿದ್ದರೂ ಅಕ್ರಿಲಿಕ್ ಒದರಾಡಿ ಸೀಳಬಹುದು. ಮಕ್ಕಳು ಸುತ್ತ ನಿಂತು ನೋಡೋ ಮೇಜಿನ ಮೇಲೆ ಇದು ಬೇಡ.

ಹಾಗಂತ ಈ ಪ್ರಯೋಗ ಯಾರೂ ಮಾಡೇ ಇಲ್ಲ ಅಂದ್ಕೋಬೇಡಿ. 1876ರಲ್ಲಿ ಹೆನ್ರಿ ರೋಲ್ಯಾಂಡ್ ಅನ್ನೋ ಅಮೆರಿಕದ ವಿಜ್ಞಾನಿ ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಅವರ ಪ್ರಯೋಗಾಲಯದಲ್ಲಿ ಚಿನ್ನದ ಲೇಪದ ಎಬೊನೈಟ್ ಡಿಸ್ಕನ್ನ ಚಾರ್ಜ್ ಮಾಡಿ, ಸೆಕೆಂಡಿಗೆ 60ರ ಆಸುಪಾಸಿನಲ್ಲಿ ತಿರುಗಿಸಿ ಮುಳ್ಳು ಸರಿಯೋದನ್ನ ನೋಡಿದರು. ಅವರ ಮುಳ್ಳು ನಿಮ್ಮ ದಿಕ್ಸೂಚಿ ಥರದ್ದಲ್ಲ. ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿದ ಎರಡು ಮುಳ್ಳು, ಭೂಮಿಯ ಪ್ರಭಾವ ಹೆಚ್ಚುಕಮ್ಮಿ ರದ್ದಾಗೋ ಹಾಗೆ. ಅಷ್ಟು ನಾಜೂಕಿನ ಅಳತೆ ಇದು. 1900ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಕ್ರೆಮ್ಯೂ ಅನ್ನೋರು ಮಾಡಿ ನೋಡಿ, ಏನೂ ಕಾಣಲಿಲ್ಲ ಅಂದರು. ಕೊನೆಗೆ 1903ರಲ್ಲಿ ಅವರೂ, ಅಮೆರಿಕದಿಂದ ಬಂದ ಪೆಂಡರ್ ಅನ್ನೋರೂ ಒಟ್ಟಿಗೆ ಕೂತು ಮಾಡಿದಾಗ ರೋಲ್ಯಾಂಡ್ ಹೇಳಿದ್ದು ಸರಿ ಅಂತಾಯ್ತು. "ತಂತಿಯಲ್ಲಿ ಹರಿದರೆ ಮಾತ್ರ ಕರೆಂಟ್, ಹೊತ್ತುಕೊಂಡು ತಿರುಗಿಸಿದರೆ ಅದು ಕರೆಂಟ್ ಹೇಗಾಗುತ್ತೆ" ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲಿದೆ.

ಎಕ್ಸಿಬಿಷನ್‌ಗೆ ನಾನು ಹೇಳೋದು ಬೇರೆ. ಡಿಸ್ಕ್‌ನ ಬಳೆಗಳನ್ನೇ ತಾಮ್ರದ ತಂತಿಯಲ್ಲಿ ಸುತ್ತಿ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಅರ್ಧ ಮಿ.ಮೀ.ಗಿಂತ ದಪ್ಪ ಇಲ್ಲದ ಎನಾಮಲ್ ತಂತಿ, ಸುಮಾರು 45 ಮೀಟರ್ ತಗೊಳ್ಳಿ. ಗಟ್ಟಿ ರಟ್ಟಿನಲ್ಲಿ 10 ಸೆಂ.ಮೀ. ತ್ರಿಜ್ಯದ ಡಿಸ್ಕ್ ಕತ್ತರಿಸಿ, ನಡುವೆ 2 ಸೆಂ.ಮೀ. ತ್ರಿಜ್ಯದ ತೂತು ಮಾಡಿ, ಪುಟ್ಟ ದಿಕ್ಸೂಚಿ ಅಲ್ಲಿ ಕೂರಬೇಕು. ಡಬಲ್ ಸೈಡ್ ಟೇಪ್ ಅಂಟಿಸಿ ಒಂದೊಂದು ಸೆಂ.ಮೀ.ಗೆ ವೃತ್ತ ಎಳೆಯಿರಿ. 2ರಿಂದ 3 ಸೆಂ.ಮೀ. ಪಟ್ಟಿಯಲ್ಲಿ 5 ಸುತ್ತು, ಮುಂದಿನದರಲ್ಲಿ 7, ಆಮೇಲೆ 9, ಹೀಗೆ ಎರಡೆರಡು ಏರಿಸ್ತಾ ಕೊನೆಯ ಪಟ್ಟಿಯಲ್ಲಿ 19. ಒಟ್ಟು 96 ಸುತ್ತು. ಎಲ್ಲವೂ ಒಂದೇ ದಿಕ್ಕಿಗೆ, ತಂತಿ ಎಲ್ಲೂ ತುಂಡಾಗದೆ. ಹೊರಗೆ ಹೋದಷ್ಟೂ ಕರೆಂಟ್ r ಲೆಕ್ಕದಲ್ಲಿ ಏರಬೇಕು ಅನ್ನೋದನ್ನ ಸುತ್ತುಗಳ ಸಂಖ್ಯೆಯಲ್ಲಿ ತಂದ ಹಾಗಾಯ್ತು. 6 ಸೆಂ.ಮೀ. ಹತ್ತಿರ ಎನಾಮಲ್ ಕೆರೆದು ಒಂದು ವೈರ್ ಹೊರಗೆ ತೆಗೆದಿಡಿ.

ಡಿಸ್ಕನ್ನ ನೆಟ್ಟಗೆ ನಿಲ್ಲಿಸಿ, ಅದರ ಮುಖ ಪೂರ್ವ-ಪಶ್ಚಿಮಕ್ಕೆ ಬರಬೇಕು, ಅಂದರೆ ಡಿಸ್ಕ್ ಮುಳ್ಳಿನ ಸಾಲಿಗೇ ಇರಬೇಕು. ಎರಡು ಸೆಲ್, 100 ಓಂ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ ಸುಮಾರು 29 ಮಿಲಿಆಂಪ್ ಹರಿಯುತ್ತೆ. ಪೂರ್ತಿ 96 ಸುತ್ತಿಗೆ ಮುಳ್ಳು ಸುಮಾರು 36 ಡಿಗ್ರಿ ಸರಿಯಬೇಕು. ವೈರನ್ನ 6 ಸೆಂ.ಮೀ. ಟ್ಯಾಪಿಂಗ್‌ಗೆ ಬದಲಾಯಿಸಿ, ಈಗ ಬರೀ ಒಳಗಿನ 32 ಸುತ್ತು. ಸುಮಾರು 20 ಡಿಗ್ರಿ ಬರಬೇಕು. ಡಿಗ್ರಿಗಳನ್ನ ನೇರವಾಗಿ ಹೋಲಿಸಬೇಡಿ, tan ತೆಗೆದು ಹೋಲಿಸಿ: 0.73 ಮತ್ತು 0.36. ಸುತ್ತು ಮೂರನೇ ಒಂದು ಭಾಗ ಆದರೂ ಕ್ಷೇತ್ರ ಅರ್ಧ ಉಳೀತು.

ಅಂಕಿ ಹೀಗೆ ಬರದಿದ್ದರೆ ಮೊದಲು ಮೇಜು ನೋಡಿ, ಲ್ಯಾಬಿನ ಕಬ್ಬಿಣದ ಮೇಜು ಎಲ್ಲವನ್ನೂ ಕೆಡಿಸುತ್ತೆ. ಸೆಲ್‌ಗಳ ಹೊರಕವಚವೂ ಉಕ್ಕಿನದೇ, ಅರ್ಧ ಮೀಟರ್ ದೂರ ಇಡಿ. ಕರೆಂಟ್ ದಿಕ್ಕು ಉಲ್ಟಾ ಮಾಡಿ ಎರಡೂ ಕಡೆಯ ಕೋನದ ಸರಾಸರಿ ತಗೊಂಡರೆ ಡಿಸ್ಕ್ ಸ್ವಲ್ಪ ಸೊಟ್ಟ ನಿಂತಿದ್ದರೂ ಆ ತಪ್ಪು ಬಹುತೇಕ ಹೋಗುತ್ತೆ. ಆಗಲೂ ಒಳಗಿನ 32 ಸುತ್ತು ಬರಬೇಕಾದ್ದಕ್ಕಿಂತ ತೀರಾ ಕಮ್ಮಿ ತೋರಿಸಿದರೆ, ಎಲ್ಲೋ ಒಂದು ಪಟ್ಟಿಯನ್ನ ಉಲ್ಟಾ ಸುತ್ತಿದ್ದೀರಿ, ಬಿಚ್ಚಿ ನೋಡಿ.